ಹಳೆಯಂಗಡಿಯಿಂದ ಹೆಜಮಾಡಿಯವರೆಗೆ: ಬಸ್ಸಿನಲ್ಲಿ ಬಂದ ಪ್ಯಾನಿಕ್ ಅಟ್ಯಾಕ್ ಮತ್ತು ಐದು ಇಂದ್ರಿಯಗಳ ಅಭ್ಯಾಸ

ಇಲ್ಲಿ ಬರುವ ಸ್ವಾತಿ ಮತ್ತು ಅವಳ ಚಿಕ್ಕಮ್ಮ ಕಲ್ಪಿತ ವ್ಯಕ್ತಿಗಳು. ಚಿಕಿತ್ಸೆಯಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದೇ ಪ್ರಯಾಣದಲ್ಲಿ ಜೋಡಿಸಿ ಈ ಪ್ರಕರಣವನ್ನು ಕಟ್ಟಲಾಗಿದೆ. ಐದು ನೋಡು, ನಾಲ್ಕು ಮುಟ್ಟು, ಮೂರು ಕೇಳು, ಎರಡು ಮೂಸು, ಒಂದು ರುಚಿ ನೋಡು ಎಂದು ಪ್ಯಾನಿಕ್ ಅಟ್ಯಾಕ್, ಅಂದರೆ ಒಮ್ಮೆಲೇ ಏರಿ ಬರುವ ತೀವ್ರ ಹೆದರಿಕೆಯ ಹೊತ್ತಿನಲ್ಲಿ ಮಾಡಿಸುವ ಅಭ್ಯಾಸ ಈಗ ಮೊಬೈಲ್ ಇರುವ ಬಹಳ ಜನರಿಗೆ ಗೊತ್ತು. ಹಾಗಿದ್ದೂ ಉಸಿರು ಕಟ್ಟಿದಂತಾಗಿ ಕೂತವರ ಪಕ್ಕದಲ್ಲಿ ಅದನ್ನು ಮಾಡಿಸಲು ಹೋದಾಗ ಅರ್ಧಕ್ಕೇ ನಿಂತುಬಿಡುತ್ತದೆ. ಯಾಕೆ ನಿಲ್ಲುತ್ತದೆ, ಎಲ್ಲಿ ಸರಿಪಡಿಸಬಹುದು ಎಂಬುದಷ್ಟೇ ಈ ಬರಹದ ವಿಷಯ.

ಸನ್ನಿವೇಶ

ಜುಲೈ ತಿಂಗಳ ಒಂದು ಭಾನುವಾರದ ಸಂಜೆ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಉಡುಪಿಗೆ ಹೊರಟ ಎಕ್ಸ್‌ಪ್ರೆಸ್ ಬಸ್ಸು. ಮಳೆ ಜೋರಾಗಿದ್ದರಿಂದ ಕಿಟಕಿಗಳೆಲ್ಲ ಮುಚ್ಚಿವೆ, ನಡುವಿನ ದಾರಿಯಲ್ಲಿ ನಿಂತವರೂ ಇದ್ದಾರೆ. 23 ವರ್ಷದ ಸ್ವಾತಿ ಕಿಟಕಿ ಪಕ್ಕ, ಚಿಕ್ಕಮ್ಮ ಅವಳ ಬಲಕ್ಕೆ. ಸುರತ್ಕಲ್ ದಾಟುವವರೆಗೆ ಮಾತು ಸರಿಯಾಗಿಯೇ ಇತ್ತು. ಹಳೆಯಂಗಡಿ ಬಿಟ್ಟ ಮೇಲೆ ಸ್ವಾತಿ ಒಮ್ಮೆಲೇ ಸುಮ್ಮನಾದಳು, ಚೂಡಿದಾರದ ಕುತ್ತಿಗೆಯನ್ನು ಎಳೆದುಕೊಂಡಳು. ಮತ್ತೆ ಒಂದೆರಡು ನಿಮಿಷದೊಳಗೆ ಎದೆ ಬಡಿತ ಜೋರಾಯಿತು, ತುಟಿಯ ಸುತ್ತ ಜುಮುಜುಮು ಶುರುವಾಯಿತು, ಕೈಬೆರಳುಗಳು ಒಳಕ್ಕೆ ಮಡಚಿಕೊಳ್ಳತೊಡಗಿದವು. ಬಸ್ಸಿನೊಳಗಿನ ಜನರೆಲ್ಲ ಗಾಜಿನ ಆಚೆ ಇದ್ದ ಹಾಗೆ ಕಂಡರು.

"ನಂಗೆ ಉಸಿರು ಸಿಗ್ತಾ ಇಲ್ಲ ಚಿಕ್ಕಮ್ಮ. ನಾನು ಸತ್ತು ಹೋಗ್ತೇನೆ. ಇಳಿಯುವ, ಇಳಿಯುವ."

ಇದು ಅವಳಿಗೆ ಮೂರನೆಯ ಸಲ. ಮೊದಲ ಸಲ ಆದಾಗ ಆಸ್ಪತ್ರೆಯಲ್ಲಿ ಇಸಿಜಿ, ಸಕ್ಕರೆ, ಥೈರಾಯ್ಡ್ ಎಲ್ಲ ನೋಡಿ, ದೇಹದಲ್ಲಿ ತೊಂದರೆ ಇಲ್ಲ, ಇದು ಪ್ಯಾನಿಕ್ ಅಟ್ಯಾಕ್ ಎಂದು ವೈದ್ಯರು ಹೇಳಿದ್ದರು. ಈ ಪ್ರಕರಣದ ಮುಂದಿನದೆಲ್ಲ ನಿಂತಿರುವುದು ಈ ಒಂದು ವಾಕ್ಯದ ಮೇಲೆ. ಹಿಂದೆ ಎಂದೂ ಆಗದವರಿಗೆ, ಅದರಲ್ಲೂ ವಯಸ್ಸಾದವರಿಗೆ, ಬಿಪಿ ಅಥವಾ ಸಕ್ಕರೆ ಕಾಯಿಲೆ ಇರುವವರಿಗೆ ಹೀಗಾದರೆ ಅದನ್ನು ಪ್ಯಾನಿಕ್ ಎಂದು ಪಕ್ಕದಲ್ಲಿ ಕೂತವರು ತೀರ್ಮಾನಿಸುವ ಹಾಗಿಲ್ಲ. ಎದೆಯ ಮೇಲೆ ಭಾರ ಇಟ್ಟಂತಹ ನೋವು, ಅದು ತೋಳಿಗೋ ದವಡೆಗೋ ಹರಡುವುದು, ಮೂರ್ಛೆ, ಉಸಿರಾಟದಲ್ಲಿ ಸುಯ್ ಸುಯ್ ಸದ್ದು, ತುಟಿ ನೀಲಿಯಾಗುವುದು: ಇವುಗಳಲ್ಲಿ ಒಂದಿದ್ದರೂ ಬಸ್ಸು ನಿಲ್ಲಿಸಿ 108ಕ್ಕೆ ಕರೆ ಮಾಡಬೇಕು. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬೆವರು, ನಡುಕ, ಗಾಬರಿ ಕಂಡರೆ ಸಕ್ಕರೆ ಇಳಿದಿರುವ ಸಾಧ್ಯತೆಯನ್ನೇ ಮೊದಲು ಯೋಚಿಸಬೇಕು. ಚಿಕ್ಕಮ್ಮ ಎರಡೇ ಪ್ರಶ್ನೆ ಕೇಳಿದರು: "ನೋವು ಉಂಟಾ? ಹೋದ ಸಲ ಆದ ಹಾಗೇನಾ?" ಮೊದಲನೆಯದಕ್ಕೆ ಇಲ್ಲವೆಂದು ತಲೆಯಾಡಿಸಿದಳು, ಎರಡನೆಯದಕ್ಕೆ ಹೌದೆಂದು. ಅಷ್ಟು ಸಾಕಿತ್ತು.

ಮೊದಲ ಪ್ರಯತ್ನ ಮುರಿದದ್ದು

ಚಿಕ್ಕಮ್ಮನಿಗೆ ಅಭ್ಯಾಸ ಗೊತ್ತಿತ್ತು. ಕೂಡಲೇ ಶುರು ಮಾಡಿದರು: "ಐದು ವಸ್ತು ಹೇಳು ನೋಡುವ. ಬೇಗ ಬೇಗ."

ಸ್ವಾತಿ ಕಿಟಕಿಯ ಕಡೆ ತಿರುಗಿದಳು. ಒದ್ದೆ ಗಾಜಿನ ಆಚೆ ಎದುರಿನಿಂದ ಬರುವ ವಾಹನಗಳ ಬೆಳಕು ಉದ್ದುದ್ದ ಎಳೆದುಕೊಂಡು ಹೋಗುತ್ತಿತ್ತು. "ಲಾರಿ, ಕಾರು, ಲೈಟು, ಕಾರು, ಅಂಗಡಿ" ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ತಲೆ ಸುತ್ತುವುದು ಹೆಚ್ಚಾಯಿತು. ಮುಂದಿನದು, "ಎಂತ ಕೇಳ್ತದೆ?" ಉತ್ತರ: "ನನ್ನ ಎದೆ ಹೊಡ್ಕೊಳ್ಳುದೇ ಕೇಳ್ತದೆ." ಕೊನೆಗೆ ಚಿಕ್ಕಮ್ಮ ತಾವೇ ಗಾಬರಿಯಾಗಿ, "ಕಣ್ಣು ಮುಚ್ಚು ಮಗಾ, ಜೋರಾಗಿ ಉಸಿರು ಎಳ್ಕೋ, ಎಂತ ಆಗುದಿಲ್ಲ" ಎಂದರು. ಅವಳು ಎಳೆದುಕೊಂಡಳು. ಬೆರಳುಗಳು ಇನ್ನಷ್ಟು ಸೆಟೆದುಕೊಂಡವು.

ಇಷ್ಟೂ ತಪ್ಪುಗಳಿಗೆ ಕಾರಣ ದೇಹದಲ್ಲೇ ಇದೆ. ಪ್ಯಾನಿಕ್‌ನಲ್ಲಿ ಉಸಿರು ಸಾಲುತ್ತಿಲ್ಲ ಎನಿಸುತ್ತದೆ, ಆದರೆ ನಡೆಯುತ್ತಿರುವುದು ತದ್ವಿರುದ್ಧ. ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡುವುದರಿಂದ ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ತೀರ ಕಡಿಮೆಯಾಗುತ್ತದೆ. ಆಗ ರಕ್ತ ಸ್ವಲ್ಪ ಕ್ಷಾರೀಯವಾಗುತ್ತದೆ, ಅದರಲ್ಲಿ ಮುಕ್ತವಾಗಿರುವ ಕ್ಯಾಲ್ಸಿಯಂ ಇಳಿಯುತ್ತದೆ, ನರಗಳು ಸಣ್ಣ ನೆವಕ್ಕೂ ಮಿಡಿಯತೊಡಗುತ್ತವೆ. ತುಟಿಯ ಜುಮುಜುಮು, ಬೆರಳಿನ ಸೆಡೆತ ಬರುವುದು ಹೀಗೆ. ಮೆದುಳಿನ ರಕ್ತನಾಳಗಳೂ ಕಿರಿದಾಗುವುದರಿಂದ ತಲೆ ಹಗುರಾಗಿ, ಸುತ್ತಲಿನದು ನಿಜವಲ್ಲವೆಂಬಂತೆ ಕಾಣುತ್ತದೆ. ಈ ಸ್ಥಿತಿಯಲ್ಲಿ "ಜೋರಾಗಿ ಉಸಿರು ಎಳ್ಕೋ" ಎನ್ನುವುದು ತೊಂದರೆಯನ್ನೇ ಹೆಚ್ಚಿಸುವ ಸಲಹೆ. ಕಾಗದದ ಚೀಲದೊಳಗೆ ಉಸಿರಾಡಿಸುವ ಹಳೆಯ ಉಪಾಯವೂ ಬೇಡ. ಅದು ಪ್ಯಾನಿಕ್ ಅಲ್ಲದೆ ಹೃದಯದ ತೊಂದರೆಯೋ ಅಸ್ತಮಾವೋ ಆಗಿದ್ದರೆ ಆಮ್ಲಜನಕ ಕಡಿಮೆಯಾಗಿ ಅಪಾಯವಾಗುತ್ತದೆ.

ಕಣ್ಣು ಮುಚ್ಚಿಸಿದ್ದು ಎರಡನೆಯ ಎಡವಟ್ಟು. ಧ್ಯಾನಕ್ಕೆ ಕೂರಿಸುವ ಅಭ್ಯಾಸದಿಂದಲೋ ಏನೋ, ನಮ್ಮವರಲ್ಲಿ ಬಹಳ ಜನ ಇದನ್ನೇ ಮೊದಲು ಹೇಳುತ್ತಾರೆ. ಕಣ್ಣು ಮುಚ್ಚಿದ ಕೂಡಲೇ ಹೊರಗಿನದು ಮಾಯವಾಗಿ ಉಳಿಯುವುದು ಎದೆ ಬಡಿತ ಮತ್ತು ಉಸಿರು ಮಾತ್ರ. ಪ್ಯಾನಿಕ್‌ಗೆ ಕಾವು ಸಿಗುವುದು ಅದರಿಂದಲೇ: ಎದೆ ಬಡಿತವನ್ನು ಗಮನಿಸುವುದು, ಅದನ್ನು ಸಾವಿನ ಸೂಚನೆ ಎಂದುಕೊಳ್ಳುವುದು, ಹೆದರುವುದು, ಬಡಿತ ಇನ್ನೂ ಏರುವುದು. ಈ ಸುತ್ತಿನಲ್ಲಿ ಸಿಕ್ಕಿಕೊಂಡ ಗಮನವನ್ನು ಬೇರೆಡೆಗೆ ಕೊಡಿಸುವುದೇ ಐದು ಇಂದ್ರಿಯಗಳ ಅಭ್ಯಾಸದ ಕೆಲಸ. ಹೆದರಿದಾಗ ದೇಹ ರಕ್ತಕ್ಕೆ ಬಿಡುವ ಅಡ್ರಿನಾಲಿನ್ ಎಂಬ ಹಾರ್ಮೋನನ್ನು ಅದು ನಿಲ್ಲಿಸುವುದಿಲ್ಲ. ಈಗಾಗಲೇ ರಕ್ತಕ್ಕೆ ಸೇರಿದ್ದು ತನ್ನ ಹೊತ್ತಿಗೆ ತಾನು ಇಳಿಯಬೇಕು. ಅಭ್ಯಾಸ ಮಾಡಬಲ್ಲದ್ದು ಹೊಸ ಹೆದರಿಕೆ ಸೇರದಂತೆ ನೋಡಿಕೊಳ್ಳುವುದನ್ನು.

ಮತ್ತೆ ಶುರು: ಮೊದಲು ಕಾಲು, ಕೈ

ಸುಮಾರು ಏಳನೆಯ ನಿಮಿಷ. ಬಸ್ಸು ಮೂಲ್ಕಿ ಪೇಟೆಯ ದಟ್ಟಣೆಯಲ್ಲಿ ನಿಧಾನವಾಗಿತ್ತು. ಚಿಕ್ಕಮ್ಮ ಈಗ ಮಾಡಿದ ಬದಲಾವಣೆ ಸಣ್ಣದು, ಆದರೆ ಎಲ್ಲ ತಿರುಗಿದ್ದು ಅದರಿಂದ. ಐದರಿಂದ ಶುರು ಮಾಡುವ ಬದಲು ಮುಟ್ಟುವುದರಿಂದ ಶುರು ಮಾಡಿದರು.

ಹೆದರಿಕೆ ತುದಿಯಲ್ಲಿರುವಾಗ ನೋಡಿ ಹೆಸರಿಸುವುದು ಕಷ್ಟ. ಅದಕ್ಕೆ ಹುಡುಕಬೇಕು, ಆರಿಸಬೇಕು, ಪದ ಹೊಂದಿಸಬೇಕು. ಮುಟ್ಟುವುದಕ್ಕೆ ಇದೆಲ್ಲ ಬೇಡ, ಕೈಗೆ ಸಿಕ್ಕಿದ್ದು ಆಗಲೇ ಅಲ್ಲಿದೆ. 5-4-3-2-1 ಎಂಬ ಕ್ರಮ ನೆನಪಿಟ್ಟುಕೊಳ್ಳಲು ಅನುಕೂಲ ಅಷ್ಟೇ. ತಲೆಕೆಳಗು ಮಾಡಿದರೆ, ಒಂದೆರಡು ಬಿಟ್ಟುಹೋದರೆ ಏನೂ ಕೆಡುವುದಿಲ್ಲ. ಎಣಿಕೆ ತಪ್ಪಿತೆಂದು ಮೊದಲಿನಿಂದ ಮಾಡಿಸುವವರನ್ನು ಕಂಡರೆ ಅಯ್ಯೋ ಎನಿಸುತ್ತದೆ.

"ಚಪ್ಪಲಿಯ ಒಳಗೆ ಕಾಲು ಒತ್ತಿ ಹಿಡಿ. ಎರಡೂ ಕಾಲು. ನೆಲ ನಡುಗುದು ಗೊತ್ತಾಗ್ತದಾ?"

ತಲೆಯಾಡಿಸಿದಳು.

"ನಿನ್ನ ಕೈ ಎದುರಿನ ಸರಳಿನ ಮೇಲೆ ಇಡ್ಲಾ?" ಹೌದೆಂದ ಮೇಲೆಯೇ ಕೈ ಹಿಡಿದು ಎದುರು ಸೀಟಿನ ಕಬ್ಬಿಣದ ಸರಳಿನ ಮೇಲೆ ಇಟ್ಟರು. "ತಣ್ಣಗುಂಟಾ, ಬೆಚ್ಚಗುಂಟಾ?"

"ತಣ್ಣಗೆ."

"ನುಣ್ಣಗಾ, ದೊರಗಾ?"

"ಬಣ್ಣ ಎದ್ದಿದೆ. ಒಂದು ಕಡೆ ದೊರಗು."

ಪ್ರಶ್ನೆಯ ರೂಪ ಗಮನಿಸಬೇಕು. "ಹೇಗುಂಟು?" ಎಂದು ಕೇಳಿದ್ದರೆ ಉತ್ತರ ಬರುತ್ತಿರಲಿಲ್ಲ. ಎರಡರಲ್ಲಿ ಒಂದನ್ನು ಆರಿಸುವ ಪ್ರಶ್ನೆಗೆ ಒಂದು ಪದ ಸಾಕು, ಆ ಪದ ಹೇಳಬೇಕಾದರೆ ಸರಳನ್ನು ನಿಜವಾಗಿಯೂ ಮುಟ್ಟಿ ನೋಡಬೇಕು. ಮೊದಲ ಸಲ "ಲಾರಿ, ಕಾರು" ಎಂದಾಗ ಅವಳು ಯಾವುದನ್ನೂ ನೋಡಿರಲಿಲ್ಲ, ಪಟ್ಟಿ ಒಪ್ಪಿಸಿದ್ದಳು ಅಷ್ಟೇ. "ಬಣ್ಣ ಎದ್ದಿದೆ" ಎಂದು ಕೇಳದೆಯೇ ಸೇರಿಸಿದಳಲ್ಲ, ಅಭ್ಯಾಸ ಹಿಡಿಯಿತು ಎಂದು ತಿಳಿಯುವುದು ಅಲ್ಲಿ. ಅದಕ್ಕೆ ಬೇರೆ ಅಳತೆ ಬೇಡ.

ಇನ್ನು ಮೂರು: ಕೊಡೆಯ ಒದ್ದೆ ಬಟ್ಟೆ, ಚೀಲದ ಜಿಪ್ಪಿನ ಹಲ್ಲುಗಳು, ಸ್ಟೀಲಿನ ನೀರಿನ ಬಾಟಲಿ. ಬಾಟಲಿಯನ್ನು ಎರಡೂ ಅಂಗೈಗಳ ನಡುವೆ ಹಿಡಿಸಿದರು. ಬೆರಳು ಸೆಟೆದವರಿಗೆ ದಪ್ಪನೆಯ ಉರುಟು ವಸ್ತು ಹಿಡಿಯಲು ಸುಲಭ, ಬೆರಳುಗಳನ್ನು ಬಲವಂತವಾಗಿ ಬಿಡಿಸಲು ಹೋಗುವುದಕ್ಕಿಂತ ಇದು ಒಳ್ಳೆಯದು. ಉಸಿರು ಸರಿಹೋದಂತೆ ಅವು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಪ್ರತಿ ಪ್ರಶ್ನೆಯ ನಂತರ ಚಿಕ್ಕಮ್ಮ ಕಾದರು. ಈ ಕಾಯುವುದೇ ಪಕ್ಕದಲ್ಲಿರುವವರಿಗೆ ಎಲ್ಲಕ್ಕಿಂತ ಕಷ್ಟ. ಉತ್ತರ ಬರಲು ಹತ್ತು ಸೆಕೆಂಡ್ ಹಿಡಿದರೂ ನಡುವೆ ಇನ್ನೊಂದು ಪ್ರಶ್ನೆ ಹಾಕಬಾರದು. ಹಾಕಿದರೆ ಎರಡಕ್ಕೂ ಉತ್ತರ ಸಿಗುವುದಿಲ್ಲ. ನಿಧಾನಕ್ಕೆ ಇನ್ನೊಂದು ಲಾಭವೂ ಇದೆ. ನಾವು ಮಾತಾಡುವುದು ಉಸಿರು ಬಿಡುವಾಗ. ಒಂದೊಂದೇ ಪದವನ್ನು ಬಿಡಿಸಿ ಹೇಳುತ್ತಾ ಹೋದರೆ ಉಸಿರು ಬಿಡುವ ಹೊತ್ತು ತನ್ನಷ್ಟಕ್ಕೆ ಉದ್ದವಾಗುತ್ತದೆ, ಉಸಿರಿನ ಬಗ್ಗೆ ಒಂದು ಮಾತೂ ಆಡದೆ. ಮೊದಲ ಪ್ರಯತ್ನದ "ಬೇಗ ಬೇಗ" ಈ ಲಾಭವನ್ನೇ ಕಳೆದಿತ್ತು.

ನೋಡುವುದು: ಅಲುಗಾಡದ್ದು, ಕೈಗೆಟಕುವಷ್ಟು ಹತ್ತಿರದ್ದು

"ಈಗ ಟಿಕೆಟ್ ನೋಡು. ಅದ್ರಲ್ಲಿ ದೊಡ್ಡ ಅಕ್ಷರದಲ್ಲಿ ಎಂತ ಬರ್ದಿದೆ?"

ಕಿಟಕಿಯ ಹೊರಗೆ ನೋಡಲು ಬಿಡಲಿಲ್ಲ. ಓಡುವ ವಾಹನದಲ್ಲಿ ಹೊರಗಿನ ಹತ್ತಿರದ ವಸ್ತುಗಳು ಕ್ಷಣಕ್ಕೊಂದರಂತೆ ಹಿಂದೆ ಸರಿಯುತ್ತವೆ, ಆಗಲೇ ತಲೆ ಸುತ್ತುತ್ತಿರುವವರಿಗೆ ಅದು ಇನ್ನಷ್ಟು ಕಷ್ಟ. ಬಸ್ಸಿನೊಳಗೆ ನಿಂತಲ್ಲೇ ನಿಂತಿರುವ ವಸ್ತುಗಳೇ ಬೇಕು. ಟಿಕೆಟ್ಟಿನ ಮೇಲಿನ ದರ, ಎದುರು ಸೀಟಿನ ರೆಕ್ಸಿನ್ನಿನಲ್ಲಿ ಇದ್ದ ಹರಿದ ಗೆರೆ, ಗಾಜಿನ ಸುತ್ತಲಿನ ಕಪ್ಪು ರಬ್ಬರ್, ಚಿಕ್ಕಮ್ಮನ ಸೀರೆಯ ಅಂಚು, ಎದುರು ಕೂತ ಹೆಂಗಸಿನ ಮುಡಿಯ ಮಲ್ಲಿಗೆ. ಒಂದೊಂದಕ್ಕೂ ಒಂದು ವಿವರ: ಬಣ್ಣ, ಅಂಚು, ಎಷ್ಟು ಸಾಲು. ಟಿಕೆಟ್ಟನ್ನು ಚೆನ್ನಾಗಿ ಓದುವವರು ಅದರ ಅಂಕಿಗಳನ್ನು ಕೂಡಿಸಲೂಬಹುದು. ಸ್ವಾತಿಗೆ ಅಷ್ಟು ಬೇಕಾಗಲಿಲ್ಲ.

ನಡುವೆ ಒಮ್ಮೆ ಜಾರಿದಳು. ಮೂರನೆಯ ವಸ್ತುವಿಗೆ ಬಂದಾಗ, "ನಂಗೆ ಆಗುದಿಲ್ಲ, ಪುನಃ ಬರ್ತಾ ಉಂಟು" ಎಂದಳು. ಪ್ಯಾನಿಕ್ ಒಂದೇ ಸಮನೆ ಇಳಿಯುವುದಿಲ್ಲ, ಏರಿಳಿಯುತ್ತಾ ಇಳಿಯುತ್ತದೆ. ಈ ಹೊತ್ತಿನಲ್ಲಿ "ಬರುದಿಲ್ಲ, ಹೆದರ್ಬೇಡ" ಎಂದು ವಾದಕ್ಕೆ ನಿಂತರೆ ಮಾತೆಲ್ಲ ಮತ್ತೆ ಹೆದರಿಕೆಯ ಸುತ್ತಲೇ ತಿರುಗುತ್ತದೆ. ಚಿಕ್ಕಮ್ಮ ಹೇಳಿದ್ದು ಇಷ್ಟು: "ಬರ್ಲಿ, ಹೋಗ್ತದೆ ಅದು. ಬಾಟಲಿ ಹಿಡ್ಕೊಂಡಿದ್ದಿಯಲ್ಲ, ಅದರ ಮುಚ್ಚಳ ಯಾವ ಬಣ್ಣ?" ಮುಟ್ಟುತ್ತಿರುವುದಕ್ಕೇ ಮರಳಿ, ಅಲ್ಲಿಂದ ನೋಡುವುದಕ್ಕೆ ಹೊರಳಿದರು.

ಕಿವಿ, ಮೂಗು, ನಾಲಿಗೆ

ಕೇಳುವುದನ್ನು ದೂರದಿಂದ ಹತ್ತಿರಕ್ಕೆ ತರುವುದು ಸುಲಭ. "ಎಂತ ಕೇಳ್ತದೆ?" ಎಂದರೆ ಮೊದಲು ಸಿಗುವುದು ಎದೆ ಬಡಿತ. "ಬಸ್ಸಿನ ಹೊರಗೆ ಎಂತ ಕೇಳ್ತದೆ?" ಎಂದರೆ ಕಿವಿ ಹೊರಗೆ ಹೋಗಲೇಬೇಕು. ಮಾಡಿನ ಮೇಲೆ ಬೀಳುವ ಮಳೆ, ಕಂಡಕ್ಟರನ ಸೀಟಿ, ವೈಪರಿನ ಕಿರ್ರೆನ್ನುವ ಸದ್ದು. ಮೂರು ಸಿಕ್ಕಿತು.

ಮೂಸುವುದರಲ್ಲಿ ಎಚ್ಚರ ಬೇಕು. ನೋವಿನ ಬಾಮ್, ನೀಲಗಿರಿ ಎಣ್ಣೆಯಂತಹ ಘಾಟನ್ನು ಮೂಗಿಗೆ ಹಿಡಿಯುವ ರೂಢಿ ನಮ್ಮಲ್ಲಿದೆ. ಅದನ್ನು ಆಳವಾಗಿ ಎಳೆದುಕೊಳ್ಳಲು ಹೇಳಿದರೆ ಮತ್ತೆ ಅದೇ ಅತಿ ಉಸಿರಾಟ, ಅಸ್ತಮಾ ಇರುವವರಿಗಂತೂ ಬೇಡವೇ ಬೇಡ. ಮುಚ್ಚಿದ ಬಸ್ಸಿನಲ್ಲಿ ಡೀಸೆಲ್, ಒದ್ದೆ ಬಟ್ಟೆಗಳ ವಾಸನೆ ವಾಕರಿಕೆಯನ್ನೂ ತರಬಹುದು. ಎದುರಿನ ಮಲ್ಲಿಗೆಯ ಪರಿಮಳ ಇಲ್ಲಿ ತಾನಾಗಿ ಒದಗಿತು. ಎರಡನೆಯದಾಗಿ ತನ್ನದೇ ದುಪಟ್ಟಾದ ಸಾಬೂನಿನ ವಾಸನೆ. ಏನೂ ಸಿಗದಿದ್ದರೆ ಮೊಣಕೈಯ ಒಳಬದಿಯನ್ನು ಮೂಸಿದರೂ ಆಯಿತು, ಇಲ್ಲವೇ ಈ ಹಂತವನ್ನೇ ಬಿಟ್ಟುಬಿಡಬಹುದು. ಹಿಂದಿನ ಆಘಾತವೊಂದು ವಾಸನೆಗೆ ಅಂಟಿಕೊಂಡಿರುವವರಲ್ಲಿ, ಉದಾಹರಣೆಗೆ ಆಸ್ಪತ್ರೆಯ ವಾಸನೆಗೋ ಮದ್ಯದ ವಾಸನೆಗೋ, ಮೂಗು ಅವರನ್ನು ಈ ಹೊತ್ತಿಗೆ ತರುವ ಬದಲು ಅಂದಿಗೆ ಒಯ್ಯುತ್ತದೆ. ಅವರಿಗೆ ಬಿಡುವುದೇ ಸರಿ.

ರುಚಿಗೆ ಚಿಕ್ಕಮ್ಮನ ಚೀಲದಲ್ಲಿ ಒಣ ಪುನರ್ಪುಳಿ ಸಿಪ್ಪೆ ಇತ್ತು. ಅದರ ಹುಳಿ ಚುರುಕಾಗಿದ್ದು ಗಮನವನ್ನು ಕೂಡಲೇ ಎಳೆಯುತ್ತದೆ. ಆದರೆ ಏದುಸಿರು ಬಿಡುತ್ತಿರುವವರ ಬಾಯಿಗೆ ಏನನ್ನೂ ಹಾಕಬಾರದು, ನೀರನ್ನೂ ಕೂಡ. ಗಂಟಲಿಗೆ ಸಿಕ್ಕಿಕೊಂಡರೆ ಸಾಯುತ್ತೇನೆಂಬ ಹೆದರಿಕೆಗೆ ಸಾಕ್ಷಿಯೇ ಸಿಕ್ಕಿದಂತಾಗುತ್ತದೆ. ನಡುವೆ ಉಸಿರಿಗೆ ನಿಲ್ಲದೆ ಒಂದು ಪೂರ್ತಿ ವಾಕ್ಯ ಹೇಳಲು ಬಂದರೆ ಆಗ ಕೊಡಬಹುದು. ಸ್ವಾತಿ "ಆ ಮಲ್ಲಿಗೆಯ ಪರಿಮಳ ಇಲ್ಲಿವರೆಗೆ ಬರ್ತದೆ" ಎಂದ ಮೇಲೆ ಉಗುರಿನಷ್ಟು ಚೂರನ್ನು ಕೊಟ್ಟರು, ಕೆನ್ನೆಯ ಒಳಗೆ ಇಟ್ಟುಕೊಳ್ಳಲು. ಗಟ್ಟಿ ಪೆಪ್ಪರ್‌ಮಿಂಟ್‌ಗಿಂತ ಇದು ವಾಸಿ.

ಉಸಿರಿನ ಮಾತು ಬಂದದ್ದು ಈಗ. ಮೂಗಿನಿಂದ ಸಣ್ಣಗೆ ಒಳಕ್ಕೆ, ನಾಲ್ಕು ಎಣಿಸುವಷ್ಟು. ಹೊರಕ್ಕೆ ಆರು ಎಣಿಸುವಷ್ಟು. ಹಿಡಿದಿಟ್ಟುಕೊಳ್ಳುವುದು ಬೇಡ. ಆರೇಳು ಸಲ ಮಾಡುವ ಹೊತ್ತಿಗೆ ಬೆರಳುಗಳು ಸಡಿಲಾದವು.

18ನೇ ನಿಮಿಷ

ಶಾಂಭವಿ ಸೇತುವೆ ದಾಟಿ ಹೆಜಮಾಡಿ ಟೋಲ್‌ಗೇಟ್ ಬಂದಾಗ ಚಿಕ್ಕಮ್ಮ ಕೇಳಿದರು, "ಹತ್ತರಲ್ಲಿ ಎಷ್ಟುಂಟು ಈಗ?" "ನಾಲ್ಕು." ಮೂಲ್ಕಿಯಲ್ಲಿ ಅದು ಒಂಬತ್ತಿತ್ತು ಎಂದಳು. ಈ ಪ್ರಶ್ನೆಯನ್ನು ಎರಡು ನಿಮಿಷಕ್ಕೊಮ್ಮೆ ಕೇಳುವವರಿದ್ದಾರೆ. ಕೇಳಿದಷ್ಟು ಸಲವೂ ಗಮನ ಒಳಗೆ ಮರಳುತ್ತದೆ, ಆದ್ದರಿಂದ ಕೊನೆಯಲ್ಲಿ ಒಮ್ಮೆ ಸಾಕು.

ಒಂಬತ್ತರಿಂದ ನಾಲ್ಕಕ್ಕೆ ಇಳಿದದ್ದಕ್ಕೆ ಪೂರ್ತಿ ಶ್ರೇಯ ಅಭ್ಯಾಸಕ್ಕೆ ಕೊಡಲಾಗದು. ಪ್ಯಾನಿಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಯಾರೂ ಏನೂ ಮಾಡದಿದ್ದರೂ ಇಳಿಯತೊಡಗುತ್ತದೆ. ಇಲ್ಲಿ ನಿಜವಾಗಿ ದಕ್ಕಿದ್ದು ಬೇರೆ: ಅವಳು ಮೂಲ್ಕಿಯಲ್ಲಿ ಇಳಿಯಲಿಲ್ಲ. ಬಸ್ಸಿನಿಂದ ಇಳಿದಿದ್ದರೆ ಹೆದರಿಕೆ ಕೂಡಲೇ ತಗ್ಗುತ್ತಿತ್ತು, "ಇಳಿದದ್ದರಿಂದ ಬದುಕಿದೆ" ಎಂಬ ಪಾಠ ಮನಸ್ಸಿನಲ್ಲಿ ಕೂರುತ್ತಿತ್ತು, ಮುಂದಿನ ಭಾನುವಾರ ಬಸ್ಸು ಹತ್ತುವುದೇ ಕಷ್ಟವಾಗುತ್ತಿತ್ತು. ಜನಸಂದಣಿ, ಬಸ್ಸು, ಸಿನಿಮಾ ಹಾಲ್ ಎಂದು ಒಂದೊಂದಾಗಿ ಬಿಡುತ್ತಾ ಬದುಕು ಕಿರಿದಾಗುವುದು ಶುರುವಾಗುವುದು ಹೀಗೆಯೇ.

ಪಡುಬಿದ್ರಿ ದಾಟಿದ ಮೇಲೆ ಸ್ವಾತಿ ಸ್ವಲ್ಪ ಅತ್ತಳು, ನಡುಗಿದಳು, ಕಾಪುವಿನ ಹತ್ತಿರ ನಿದ್ದೆ ಹೋದಳು. ಅಡ್ರಿನಾಲಿನ್ ಇಳಿದ ಮೇಲೆ ಈ ಸುಸ್ತು ಸಹಜ. ಅಭ್ಯಾಸವನ್ನು ಮುಂದುವರಿಸುವ ಅಗತ್ಯ ಆಗ ಇರುವುದಿಲ್ಲ, ಯಾಕೆ ಬಂತೆಂದು ವಿಚಾರಿಸುವ ಹೊತ್ತೂ ಅದಲ್ಲ.

ಆಮೇಲೆ ತಲೆದೋರಿದ ತೊಂದರೆ

ಒಂದು ತಿಂಗಳಲ್ಲಿ ಬೇರೊಂದು ಗೊಂದಲ ಶುರುವಾಯಿತು. ಪುನರ್ಪುಳಿ ಸಿಪ್ಪೆಯ ಡಬ್ಬಿ ಇಲ್ಲದೆ ಸ್ವಾತಿ ಮನೆಯಿಂದ ಹೊರಡುವುದಿಲ್ಲ. ಬಸ್ಸು ಹತ್ತಿದ ಕೂಡಲೇ, ಹೆದರಿಕೆ ಬರುವ ಮೊದಲೇ, ಸರಳು, ರಬ್ಬರ್, ಟಿಕೆಟ್ಟು ಎಂದು ಎಣಿಸತೊಡಗುತ್ತಾಳೆ. ಪ್ಯಾನಿಕ್ ಬಂದಿಲ್ಲ, ಆದರೆ ಪ್ರಯಾಣವಿಡೀ ಅದರ ಕಾವಲು ಕಾಯುವುದೇ ಆಗಿದೆ. ತುರ್ತಿಗೆಂದು ಕಲಿತದ್ದು ರಕ್ಷೆಯ ತಾಯಿತವಾಯಿತು. ಈ ಅಭ್ಯಾಸದ ದೊಡ್ಡ ಮಿತಿ ಇದು, ಹೇಳಿಕೊಡುವವರು ಹೆಚ್ಚಾಗಿ ಹೇಳದೆ ಬಿಡುವುದೂ ಇದನ್ನೇ.

ಪದೇ ಪದೇ ಬರುವ ಪ್ಯಾನಿಕ್‌ಗೆ ಚಿಕಿತ್ಸೆ ಬೇರೆ ಇದೆ. ಅರಿವಿನ ವರ್ತನಾ ಚಿಕಿತ್ಸೆಯಲ್ಲಿ ಹೆದರಿಕೆ ತರುವ ದೇಹದ ಸಂವೇದನೆಗಳನ್ನೇ ಬೇಕೆಂದು ಎಬ್ಬಿಸುತ್ತಾರೆ. ತೆಳ್ಳನೆಯ ಸ್ಟ್ರಾದಲ್ಲಿ ಒಂದು ನಿಮಿಷ ಉಸಿರಾಡಿಸುವುದು, ತಿರುಗುವ ಕುರ್ಚಿಯಲ್ಲಿ ಸುತ್ತಿಸುವುದು, ನಿಂತಲ್ಲೇ ಓಡಿಸುವುದು ಹೀಗೆ. ಎದೆ ಬಡಿತ ಏರಿದರೂ ಏನೂ ಆಗುವುದಿಲ್ಲ ಎಂಬುದನ್ನು ದೇಹವೇ ಕಲಿಯಬೇಕು, ಆ ಹೊತ್ತಿನಲ್ಲಿ ಇಂದ್ರಿಯಗಳ ಎಣಿಕೆ ಅಡ್ಡ ಬರುತ್ತದೆ. ಆತಂಕ ತಗ್ಗಿಸುವ ಎಸ್‌ಎಸ್‌ಆರ್‌ಐ ಗುಂಪಿನ ಔಷಧಗಳೂ ಸಹಾಯಕ್ಕೆ ಬರುತ್ತವೆ, ಅವು ಹಿಡಿಯಲು ಕೆಲವು ವಾರ ಬೇಕು. ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರನ್ನು ಕಾಣಬಹುದು. ಹೋಗಲು ಹಿಂಜರಿಕೆಯಿದ್ದರೆ 14416, ಅಂದರೆ 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಸ್ವಾತಿಯ ವಿಷಯದಲ್ಲಿ ಆಪ್ತಸಮಾಲೋಚಕರು ಅಭ್ಯಾಸವನ್ನು ಬಿಡಿಸಲಿಲ್ಲ, ಅದಕ್ಕೊಂದು ಹದ್ದು ಹಾಕಿದರು. ಮನೆಯಲ್ಲಿ ಹೆದರಿಕೆಯಿಲ್ಲದ ಹೊತ್ತಿನಲ್ಲಿ ದಿನಕ್ಕೊಮ್ಮೆ ಮೂರು ನಿಮಿಷ ಮಾಡಬೇಕು, ಯಾಕೆಂದರೆ ಪ್ಯಾನಿಕ್ ನಡುವೆ ಹೊಸದೇನನ್ನೂ ಕಲಿಯಲಾಗದು. ಬಸ್ಸಿನಲ್ಲಿ ಹೆದರಿಕೆ ಹತ್ತರಲ್ಲಿ ಏಳು ದಾಟುವ ತನಕ ಎಣಿಕೆ ಇಲ್ಲ. ಅದಕ್ಕಿಂತ ಕೆಳಗಿದ್ದರೆ ಎದೆ ಬಡಿತವನ್ನು ಬಡಿಯಲು ಬಿಟ್ಟು ಕೂರಬೇಕು. ಪುನರ್ಪುಳಿ ಡಬ್ಬಿ ಮೊದಲ ವಾರ ಕೈಯಿಂದ ಚೀಲಕ್ಕೆ ಹೋಯಿತು, ಎರಡನೆಯ ವಾರ ಚೀಲ ಬಸ್ಸಿನ ಮೇಲಿನ ರ‍್ಯಾಕಿಗೆ, ಮೂರನೆಯ ವಾರದಿಂದ ಡಬ್ಬಿ ಅಡುಗೆಮನೆಯಲ್ಲೇ ಉಳಿಯಿತು.